ಐದು ವರ್ಷಕ್ಕೆ ಒಂದು ಲ್ಯಾಪ್‌ಟಾಪ್: ಬೆಲೆ ಎಷ್ಟು, ಖರ್ಚು ಎಷ್ಟು?

ನಿಮ್ಮ ಮನೆಯ ಅಟ್ಟದ ಮೇಲೋ ಬೀರುವಿನ ತಳದಲ್ಲೋ ಒಂದು ಹಳೇ ಲ್ಯಾಪ್‌ಟಾಪ್ ಇದೆಯಾ, ನೋಡಿ. 2011ರಲ್ಲಿ ತಮಿಳುನಾಡು ಸರ್ಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಪ್ಲಸ್ ಟು ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರು ಮಾಡಿತು. ಹಾಗಾಗಿ ತಾಳವಾಡಿ ಸೀಮೆಯಲ್ಲಿ ನಿಮ್ಮ ಅಣ್ಣನಿಗೋ ಚಿಕ್ಕಮ್ಮನಿಗೋ ಪಕ್ಕದ ಮನೆಯ ಅಕ್ಕನಿಗೋ ಒಂದು ಸಿಕ್ಕಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಸಿಕ್ಕರೆ ಧೂಳು ಒರೆಸಿ, ಚಾರ್ಜರ್ ಹಾಕಿ ಆನ್ ಮಾಡಿ. ಅದೃಷ್ಟವಿದ್ದರೆ ಆನ್ ಆಗುತ್ತದೆ. ಈಗ ಚಾರ್ಜರ್ ವೈರನ್ನು ಕಿತ್ತುಬಿಡಿ. ಬಹುತೇಕ ಆ ಕ್ಷಣವೇ ಆರಿಹೋಗುತ್ತದೆ.

ಅದರ ಬ್ಯಾಟರಿ ಸತ್ತಿದೆ. ಹೊಸ ಬ್ಯಾಟರಿಗೆ ಎರಡು ಮೂರು ಸಾವಿರ ಆಗುತ್ತದೆ ಅಂತ ಯಾರೂ ಹಾಕಿಸಲಿಲ್ಲ, ಅದು ಅಟ್ಟ ಸೇರಿತು. ಗಮನಿಸಿ, ಆ ಲ್ಯಾಪ್‌ಟಾಪಿನ ಬೆಲೆ ಸೊನ್ನೆ. ಆದರೆ ಅದನ್ನು ಇಟ್ಟುಕೊಳ್ಳುವ ಖರ್ಚು ಸೊನ್ನೆ ಆಗಿರಲಿಲ್ಲ. ದಾನವಾಗಿ ಬಂದ ಹಸುವಿಗೂ ಮೇವು ಹಾಕಬೇಕಲ್ಲ, ಹಾಗೆ. ಅಂಗಡಿಯಲ್ಲಿ ಕೊಡುವ ದುಡ್ಡು ಬೆಲೆ. ತಂದ ದಿನದಿಂದ ಕೈಬಿಡುವ ದಿನದವರೆಗೆ ಆಗುವ ಎಲ್ಲವನ್ನೂ ಕೂಡಿಸಿದರೆ ಅದು ಒಟ್ಟು ಖರ್ಚು. ಈ ಎರಡರ ನಡುವಿನ ಅಂತರ ಎಷ್ಟು ಅನ್ನೋದನ್ನ ಈ ಸಲ ಲೆಕ್ಕ ಹಾಕಿ ನೋಡೋಣ.

ಲೆಕ್ಕ ಹಾಕಬೇಕಾಗಿ ಬಂದದ್ದು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಪ್ಲಸ್ ಟು ಮುಗಿಸಿ ಕಾಲೇಜಿಗೆ ಹೊರಟಿದ್ದಳು. ಅವಳ ಅಪ್ಪ ಅರಿಶಿನ ಮಾರಿದ ದುಡ್ಡಿನಲ್ಲಿ ₹28,000 ಎತ್ತಿಟ್ಟಿದ್ದರು. ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪ್ ನೋಡಿಕೊಂಡು ಬಂದಿದ್ದರು. ಒಂದು ಸರಿಯಾಗಿ ₹28,000. ಇನ್ನೊಂದು ಆಫೀಸಿನವರು ಬಳಸುವ ಗಟ್ಟಿ ಮಾದರಿ, ₹52,000. ಅದನ್ನು ತಗೊಂಡರೆ ಉಳಿದ ₹24,000ವನ್ನು ಮಹಿಳಾ ಸಂಘದಲ್ಲಿ ಸಾಲ ಮಾಡಬೇಕು. "ಯಾವುದು ತಗೊಂಡ್ರೆ ಲಾಭ ಸಾರ್?" ಅಂತ ಅವಳು ಕೇಳಿದಳು. ನಾನು ಯೋಚಿಸದೆ "ಗಟ್ಟಿಯದೇ ತಗೊಳ್ಳಮ್ಮ, ಅಗ್ಗದ್ದು ಕೊನೆಗೆ ದುಬಾರಿ ಆಗುತ್ತೆ" ಅಂದುಬಿಟ್ಟೆ. ಆಮೇಲೆ ಅವಳೇ "ಎಷ್ಟು ದುಬಾರಿ ಸಾರ್?" ಅಂದಾಗ ಕಾಗದ ತೆಗೆದುಕೊಂಡು ಕೂರಬೇಕಾಯಿತು.

ಮೊದಲೇ ಒಂದು ಮಾತು. ಇಲ್ಲಿರುವ ರಿಪೇರಿ ದರಗಳು ನಾವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು. ನಿಮ್ಮ ಊರಿನ, ನಿಮ್ಮ ಕಾಲದ ದರ ಬೇರೆ ಇರುತ್ತದೆ. ಲೆಕ್ಕದ ದಾರಿ ಹಿಡಿದುಕೊಳ್ಳಿ, ಅಂಕಿಗಳನ್ನು ಬದಲಾಯಿಸಿಕೊಳ್ಳಿ.

ಕರೆಂಟ್ ಖರ್ಚಿನಿಂದ ಶುರು ಮಾಡೋಣ, ಯಾಕಂದರೆ ಎಲ್ಲರೂ ಮೊದಲು ಕೇಳೋದು ಅದನ್ನೇ. ಸಾಧಾರಣ ಬರವಣಿಗೆ, ಓದು, ವಿಡಿಯೋ ನೋಡುವ ಕೆಲಸದಲ್ಲಿ ಲ್ಯಾಪ್‌ಟಾಪ್ ಸುಮಾರು 20 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ದಿನಕ್ಕೆ 5 ಗಂಟೆ ಅಂದರೆ 100 ವ್ಯಾಟ್-ಗಂಟೆ. 1,000 ವ್ಯಾಟ್-ಗಂಟೆಗೆ ಒಂದು ಯೂನಿಟ್ ಅಂತ ನಿಮಗೆ ಗೊತ್ತೇ ಇದೆ, ಹಾಗಾಗಿ ದಿನಕ್ಕೆ ಯೂನಿಟ್ಟಿನ ಹತ್ತನೇ ಒಂದು ಭಾಗ. ವರ್ಷದಲ್ಲಿ 300 ದಿನ ಬಳಸಿದರೆ 30 ಯೂನಿಟ್, ಐದು ವರ್ಷಕ್ಕೆ 150 ಯೂನಿಟ್. ಯೂನಿಟ್ಟಿಗೆ ₹6 ಅಂತ ಹಿಡಿದರೂ ಐದು ವರ್ಷಕ್ಕೆ ₹900. ತಮಿಳುನಾಡಿನಲ್ಲಿ ಮನೆಗಳಿಗೆ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಉಚಿತ ಇರುವುದರಿಂದ ಎಷ್ಟೋ ಮನೆಗಳಲ್ಲಿ ಅದೂ ಬಿಲ್ಲಿನಲ್ಲಿ ಕಾಣುವುದಿಲ್ಲ. ಎರಡು ಲ್ಯಾಪ್‌ಟಾಪಿಗೂ ಇದು ಹೆಚ್ಚುಕಮ್ಮಿ ಒಂದೇ. ಆದ್ದರಿಂದ ಕರೆಂಟನ್ನು ಲೆಕ್ಕದಿಂದ ಹೊಡೆದುಹಾಕಿದೆವು.

ನಮ್ಮ ಕಡೆ ನಿಜವಾದ ಖರ್ಚು ಬೇರೆ ಕಡೆ ಇದೆ. ಅದು ಬಸ್ಸಿನಲ್ಲಿದೆ. ತಾಳವಾಡಿಯಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ ಎರಡು ದಾರಿ. ಒಂದು, ಗಡಿ ದಾಟಿ ಚಾಮರಾಜನಗರಕ್ಕೆ ಹೋಗೋದು, ಅಲ್ಲಿ ಆಗದಿದ್ದರೆ ಮೈಸೂರಿಗೆ. ಇನ್ನೊಂದು, ಹಾಸನೂರಿನ ಮೇಲೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ, ಅಲ್ಲಿಂದ ಮುಂದೆ ಈರೋಡಿಗೆ. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ, ಹೊತ್ತು ನೋಡಿಕೊಂಡೇ ಹೊರಡಬೇಕು. ಯಾವ ಕಡೆ ಹೋದರೂ ಒಂದು ದಿನ ಹೋಯಿತು ಅಂತಲೇ ಲೆಕ್ಕ. ಬಸ್ ಚಾರ್ಜು, ಊಟ, ಅಪ್ಪ ಜೊತೆಗೆ ಬಂದರೆ ಅವರ ಒಂದು ದಿನದ ಕೂಲಿ, ಎಲ್ಲ ಸೇರಿಸಿ ಒಂದು ಓಡಾಟಕ್ಕೆ ₹750 ಇಟ್ಟೆವು. ರಿಪೇರಿಗೆ ಕೊಟ್ಟು ಬರಲು ಒಂದು ಸಲ, ತರಲು ಒಂದು ಸಲ. ಅಂದರೆ ₹500ರ ರಿಪೇರಿಗೂ ₹1,500 ಓಡಾಟದ ಖರ್ಚು. ಸರ್ವಿಸ್ ಸೆಂಟರ್ ಪಕ್ಕದ ಬೀದಿಯಲ್ಲಿರುವ ಪಟ್ಟಣದವರು ಹಾಕುವ ಲೆಕ್ಕ ನಮಗೆ ಹೊಂದದೇ ಇರುವುದು ಇದಕ್ಕೇ.

ಹಾಗಾದರೆ ಲ್ಯಾಪ್‌ಟಾಪಿನಲ್ಲಿ ಕೆಡುವುದು ಏನು? ಎಲ್ಲವನ್ನೂ ಹೇಳಹೊರಟರೆ ಪುಸ್ತಕವಾಗುತ್ತದೆ. ಐದು ವರ್ಷದ ಲೆಕ್ಕವನ್ನು ಹೆಚ್ಚಾಗಿ ತಿರುಗಿಸುವುದು ಮೂರು ಸಂಗತಿ: ಕೀಲು, ಬ್ಯಾಟರಿ ಮತ್ತು ಬದಲಾಯಿಸಲು ಬಾರದ ಭಾಗಗಳು.

ಕೀಲು ಅಂದರೆ ಮುಚ್ಚಳವನ್ನು ಕೆಳಗಿನ ಭಾಗಕ್ಕೆ ಸೇರಿಸುವ ಜಾಗ. ರಿಪೇರಿಯವರು ಹಿಂಜ್ ಅನ್ನುತ್ತಾರೆ. ಹಿಂಜ್ ಮುರಿಯಿತು ಅಂತ ನಾವು ಹೇಳುತ್ತೇವೆ, ಆದರೆ ಹಿಂಜ್ ಉಕ್ಕಿನದು, ಅದು ಮುರಿಯುವುದು ಅಪರೂಪ. ಮುರಿಯುವುದು ಅದನ್ನು ಹಿಡಿದುಕೊಂಡ ಪ್ಲಾಸ್ಟಿಕ್. ಅಗ್ಗದ ಮಾದರಿಗಳಲ್ಲಿ ಪ್ಲಾಸ್ಟಿಕ್ ದೇಹದೊಳಗೆ ಸಣ್ಣ ಹಿತ್ತಾಳೆ ಬಿಲ್ಲೆಗಳನ್ನು ಬಿಸಿ ಮಾಡಿ ಕೂರಿಸಿರುತ್ತಾರೆ. ಹಿಂಜಿನ ಸ್ಕ್ರೂ ಆ ಬಿಲ್ಲೆಯನ್ನು ಕಚ್ಚಿಕೊಂಡಿರುತ್ತದೆ. ಪ್ರತಿ ಸಲ ಮುಚ್ಚಳ ತೆಗೆದಾಗ ಆ ಬಿಲ್ಲೆಯನ್ನು ಮೇಲಕ್ಕೆ ಕೀಳುವ ಬಲ ಬೀಳುತ್ತದೆ.

ಆ ಬಲ ಎಷ್ಟು? ಹಾರೆ ಹಾಕಿ ಕಲ್ಲು ಮೀಟುವುದನ್ನು ನೆನಪಿಸಿಕೊಳ್ಳಿ. ಹಾರೆಯ ಉದ್ದನೆಯ ತುದಿಯಲ್ಲಿ ಸ್ವಲ್ಪ ಒತ್ತಿದರೆ ಗಿಡ್ಡ ತುದಿಯಲ್ಲಿ ದೊಡ್ಡ ಬಲ ಹುಟ್ಟುತ್ತದೆ. ಲ್ಯಾಪ್‌ಟಾಪಿನ ಮುಚ್ಚಳವೇ ಹಾರೆ. ಕೀಲಿನಿಂದ 20 ಸೆಂಟಿಮೀಟರ್ ದೂರದ ಅಂಚನ್ನು ನೀವು 5 ನ್ಯೂಟನ್ ಬಲದಲ್ಲಿ, ಅಂದರೆ ಅರ್ಧ ಕಿಲೋ ತೂಕದಷ್ಟು, ತಳ್ಳಿದಿರಿ ಅನ್ನಿ. ಹಿಂಜಿನ ಎರಡು ಸ್ಕ್ರೂಗಳ ನಡುವೆ 2 ಸೆಂಟಿಮೀಟರ್ ಅಂತರ ಇದ್ದರೆ ಸ್ಕ್ರೂವಿನ ಮೇಲೆ ಬೀಳುವ ಬಲ ಹೀಗೆ:

```
5 × 20 ÷ 2 = 50
```

ಅಂದರೆ 50 ನ್ಯೂಟನ್, ಸುಮಾರು 5 ಕಿಲೋ ತೂಕ ನೇತುಹಾಕಿದಂತೆ. ಮುಚ್ಚಳದ ನಡುವೆ ಹಿಡಿದು ತೆಗೆದರೆ ಎಡ ಬಲದ ಎರಡು ಹಿಂಜ್‌ಗಳು ಇದನ್ನು ಹಂಚಿಕೊಂಡು 25ರಂತೆ ಹೊರುತ್ತವೆ. ಒಂದು ಮೂಲೆ ಹಿಡಿದು ತೆಗೆದರೆ ಹೆಚ್ಚುಕಮ್ಮಿ ಎಲ್ಲ ಭಾರ ಒಂದೇ ಹಿಂಜಿಗೆ. ನಮ್ಮಲ್ಲಿ ಬಹಳ ಜನ ಮೂಲೆ ಹಿಡಿದೇ ತೆಗೆಯೋದು! ದಿನಕ್ಕೆ ಎಂಟು ಹತ್ತು ಸಲ, ವರ್ಷಕ್ಕೆ ಸಾವಿರಾರು ಸಲ. ಗಟ್ಟಿ ಮಾದರಿಯಲ್ಲಿ ಹಿಂಜಿನ ಪಟ್ಟಿ ಅಗಲವಾಗಿರುತ್ತದೆ. ಸ್ಕ್ರೂಗಳ ಅಂತರ 4 ಸೆಂಟಿಮೀಟರ್ ಆದರೆ ಅದೇ ಬಲ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಸ್ಕ್ರೂ ಕಚ್ಚುವುದು ಪ್ಲಾಸ್ಟಿಕ್ಕನ್ನಲ್ಲ, ಒಳಗಿನ ಲೋಹದ ಚೌಕಟ್ಟನ್ನು. ನೀವು ಹೆಚ್ಚಿಗೆ ಕೊಡುವ ದುಡ್ಡಿನ ಒಂದು ಪಾಲು ಹೋಗುವುದು ಇಲ್ಲಿಗೆ.

ಮುರಿಯುವ ಮೊದಲು ಅದು ಸೂಚನೆ ಕೊಡುತ್ತದೆ. ಮುಚ್ಚಳ ತೆಗೆಯುವಾಗ ಕೀಲಿನ ಹತ್ತಿರ ಕಿರ್ರ್ ಅನ್ನುತ್ತದೆ. ಹಿಂಜಿನ ಮೇಲಿನ ಪರದೆಯ ಚೌಕಟ್ಟು ಉಗುರು ತೂರುವಷ್ಟು ಬಾಯಿ ಬಿಡುತ್ತದೆ. ಮುಚ್ಚಳ ಮೊದಲಿಗಿಂತ ಬಿಗಿಯಾಗುತ್ತದೆ. ಈ ಹಂತದಲ್ಲಿ ತೋರಿಸಿದರೆ ಹಿಂಜಿನ ನಟ್ಟನ್ನು ಸ್ವಲ್ಪ ಸಡಿಲಿಸಿ, ಅಲುಗುವ ಸ್ಕ್ರೂ ಬಿಗಿದು ಕೆಲವು ನೂರು ರೂಪಾಯಿಗೆ ಮುಗಿಸುತ್ತಾರೆ. "ಇನ್ನೂ ನಡೀತಿದೆಯಲ್ಲ" ಅಂತ ಬಿಟ್ಟರೆ ಒಂದು ದಿನ ಬಿಲ್ಲೆ ಕಿತ್ತು ಬರುತ್ತದೆ, ಮುಚ್ಚಳದ ಹಿಂಭಾಗ ಒಡೆಯುತ್ತದೆ. ಅದೇ ಕೀಲಿನ ಒಳಗಿಂದ ಹೋಗುವ ಪರದೆಯ ವೈರೂ ಕೆಲವು ಸಲ ಹರಿಯುತ್ತದೆ. ಆಗ ಹಿಂಬದಿ ಕವಚ ಸಮೇತ ಬದಲಿಸಬೇಕು. ಇದಕ್ಕೆ ನಾವು ₹3,500 ಇಟ್ಟೆವು, ಎರಡು ಓಡಾಟ ಸೇರಿ ₹5,000.

ಬ್ಯಾಟರಿಯದು ಬೇರೆ ಕಥೆ. ಇಲ್ಲಿ ಅಗ್ಗದ್ದು ಗಟ್ಟಿಯದು ಅನ್ನುವ ಭೇದ ಕಡಿಮೆ. ಲಿಥಿಯಂ ಅಯಾನ್ ಬ್ಯಾಟರಿ ಯಾವುದಾದರೂ ಬಳಸಿದಷ್ಟೂ ಸವೆಯುತ್ತದೆ. ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಖಾಲಿಯಾಗಿ ತುಂಬುವಷ್ಟು ಕೆಲಸ ಆದ ಮೇಲೆ ಅದರ ಹಿಡಿತ ಮೊದಲಿನ ಎಂಬತ್ತು ಶೇಕಡಾಕ್ಕೆ ಬರುತ್ತದೆ, ಅಲ್ಲಿಂದ ಮುಂದೆ ಇಳಿಯುತ್ತಲೇ ಹೋಗುತ್ತದೆ. ಬಿಸಿ ಇದಕ್ಕೆ ದೊಡ್ಡ ಶತ್ರು. ಹಾಸಿಗೆಯ ಮೇಲೆ, ಕಂಬಳಿಯ ಮೇಲೆ ಇಟ್ಟು ಬಳಸಿದರೆ ತಳದ ಗಾಳಿಕಿಂಡಿ ಮುಚ್ಚಿಹೋಗುತ್ತದೆ, ಬ್ಯಾಟರಿ ಬೇಗ ಮುದಿಯಾಗುತ್ತದೆ. ವಾರಂಟಿ ಮೂರು ವರ್ಷ ಅಂತ ಬರೆದಿದ್ದರೂ ಬ್ಯಾಟರಿಗೆ ಹೆಚ್ಚಾಗಿ ಒಂದೇ ವರ್ಷ ಇರುತ್ತದೆ. ಬಿಲ್ಲಿನ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ.

ಬ್ಯಾಟರಿ ಎಷ್ಟು ಸವೆದಿದೆ ಅಂತ ನೀವೇ ನೋಡಬಹುದು. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿ:

```
powercfg /batteryreport
```

ಒಂದು ಕಡತ ಎಲ್ಲಿ ಉಳಿದಿದೆ ಅಂತ ಅದು ಹೇಳುತ್ತದೆ. ಅದನ್ನು ತೆರೆದರೆ DESIGN CAPACITY ಅಂತ ಒಂದು ಅಂಕಿ, FULL CHARGE CAPACITY ಅಂತ ಇನ್ನೊಂದು ಅಂಕಿ ಇರುತ್ತದೆ. ಮೊದಲನೆಯದು ಹೊಸದರಲ್ಲಿ ಹಿಡಿಯುತ್ತಿದ್ದದ್ದು, ಎರಡನೆಯದು ಈಗ ಹಿಡಿಯುವುದು. 38,000 ಇದ್ದದ್ದು 22,800 ಆಗಿದ್ದರೆ 60 ಶೇಕಡಾ ಉಳಿದಿದೆ ಅಂತ ಅರ್ಥ. ಹಳೆಯ ಲ್ಯಾಪ್‌ಟಾಪ್ ಕೊಳ್ಳುವಾಗ ಅಂಗಡಿಯಲ್ಲೇ ಇದನ್ನು ಓಡಿಸಿ ನೋಡಿ, ಸಂಕೋಚ ಬೇಡ. ಇನ್ನೊಂದು ಗುರುತು: ಬೆರಳಾಡಿಸುವ ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ ಅಥವಾ ತಳ ಸಮವಾಗಿ ಕೂರದಿದ್ದರೆ ಒಳಗೆ ಬ್ಯಾಟರಿ ಉಬ್ಬಿರಬಹುದು. ಅದನ್ನು ಚಾರ್ಜಿಗೆ ಹಾಕಬೇಡಿ, ಒತ್ತಲೂಬೇಡಿ, ಚುಚ್ಚಲೂಬೇಡಿ. ಬೆಂಕಿ ಹೊತ್ತಿಕೊಳ್ಳುವ ವಸ್ತು ಅದು.

ಬ್ಯಾಟರಿಗೆ ಅಗ್ಗದ್ದರಲ್ಲಿ ₹3,000, ಗಟ್ಟಿಯದರಲ್ಲಿ ₹4,500 ಇಟ್ಟೆವು. ಕೂತಲ್ಲೇ ಹಾಕಿಸಿಕೊಂಡು ಬರಬಹುದಾದ್ದರಿಂದ ಒಂದೇ ಓಡಾಟ, ₹750.

ಮೂರನೆಯದು ಕಣ್ಣಿಗೆ ಕಾಣದ್ದು. ಲ್ಯಾಪ್‌ಟಾಪ್ ಕೆಡದೆಯೂ ಸಾಯಬಹುದು. ರ‍್ಯಾಮ್ ಅಂದರೆ ಕೆಲಸ ಮಾಡುವಾಗ ಕಡತ ಹರಡಿಕೊಳ್ಳುವ ಮೇಜು ಇದ್ದಂತೆ. ಮೇಜು ಸಣ್ಣದಾದರೆ ಪ್ರತಿ ಸಲ ಒಂದನ್ನು ಬೀರುವಿಗಿಟ್ಟು ಇನ್ನೊಂದನ್ನು ತೆಗೆಯಬೇಕು, ಕೆಲಸ ನಿಧಾನವಾಗುತ್ತದೆ. ಇವತ್ತು 8 ಜಿಬಿ ಸಾಕು, ನಾಲ್ಕು ವರ್ಷದ ನಂತರ ಸಾಲದೆ ಹೋಗಬಹುದು. ಖಾಲಿ ಜಾಗ ಇದ್ದರೆ ಇನ್ನೊಂದು 8 ಜಿಬಿ ಪಟ್ಟಿ ಸಿಕ್ಕಿಸಬಹುದು, ಸ್ಕ್ರೂ ಡ್ರೈವರ್ ಹಿಡಿಯಲು ಬರುವವರಿಗೆ ಹತ್ತು ನಿಮಿಷದ ಕೆಲಸ. ಆದರೆ ಅನೇಕ ಅಗ್ಗದ ಮತ್ತು ತೆಳು ಮಾದರಿಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಏನೂ ಮಾಡುವ ಹಾಗಿಲ್ಲ. ಬೆಲೆ ಜಾಸ್ತಿ ಇದ್ದ ಮಾತ್ರಕ್ಕೆ ಖಾಲಿ ಜಾಗ ಇರುತ್ತದೆ ಅಂತಲೂ ಇಲ್ಲ, ಕೇಳಿಯೇ ತಿಳಿಯಬೇಕು.

ಸಾಫ್ಟ್‌ವೇರೂ ಹೀಗೆ ಮುದಿಯಾಗಿಸುತ್ತದೆ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದರು. ವಿಂಡೋಸ್ 11 ಹಾಕೋಣವೆಂದರೆ ಇಂಟೆಲ್ ಪ್ರೊಸೆಸರ್ ಎಂಟನೇ ಪೀಳಿಗೆಯದೋ ಅದಕ್ಕಿಂತ ಹೊಸದೋ ಆಗಿರಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಭಾಗ ಇರಬೇಕು. ಚೆನ್ನಾಗಿ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಬಾಗಿಲಲ್ಲಿ ನಿಂತುಬಿಟ್ಟವು. ಅವಕ್ಕೆ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯುತ್ತವೆ, ಅದಕ್ಕೆ ದುಡ್ಡೂ ಬೇಡ. ಆದರೆ ಕಾಲೇಜಿನವರು ಹೇಳುವ ಪ್ರೋಗ್ರಾಂ ಅದರಲ್ಲಿ ಓಡುತ್ತದಾ ಅಂತ ಮೊದಲು ವಿಚಾರಿಸಬೇಕು.

ಈಗ ಕಾಗದಕ್ಕೆ ಬರೋಣ.

ಅಗ್ಗದ್ದು: ಬೆಲೆ ₹28,000. ಎರಡನೇ ವರ್ಷ ಕೀಲು ಹೋಯಿತು ಅನ್ನಿ, ₹5,000. ಮೂರನೇ ವರ್ಷ ಬ್ಯಾಟರಿ, ₹3,750. ನಡುವೆ ಒಂದು ಚಾರ್ಜರ್, ₹1,250. ಒಟ್ಟು ₹38,000. ಐದು ವರ್ಷ ಹೇಗೋ ಎಳೆದು ಕೊನೆಗೆ ₹3,000ಕ್ಕೆ ಮಾರಿದರೆ ಕೈಬಿಟ್ಟ ದುಡ್ಡು ₹35,000. 60 ತಿಂಗಳಿಗೆ ಹಂಚಿದರೆ ತಿಂಗಳಿಗೆ ₹583.

ಕೆಟ್ಟದ್ದಾದರೆ? ನಾಲ್ಕನೇ ವರ್ಷದ ಕೊನೆಗೆ ಮದರ್‌ಬೋರ್ಡ್ ಸುಟ್ಟಿತು ಅಂದುಕೊಳ್ಳಿ. ಬಿಡಿಭಾಗಕ್ಕೆ ಅಂತ ₹2,000 ಸಿಗುತ್ತದೆ. ಐದನೇ ವರ್ಷಕ್ಕೆ ಮತ್ತೊಂದು ₹28,000ರದ್ದು ತರಬೇಕು. ಆದರೆ ಅದನ್ನು ಒಂದೇ ವರ್ಷ ಬಳಸಿರುತ್ತೀರಿ, ಅದಕ್ಕಿನ್ನೂ ₹14,000 ಬೆಲೆ ಉಳಿದಿರುತ್ತದೆ, ಅದನ್ನು ಕಳೆಯಬೇಕು. ಇದನ್ನು ಕಳೆಯಲು ಮರೆಯುವವರೇ ಹೆಚ್ಚು, ನಾನೂ ಮೊದಲು ಮರೆತಿದ್ದೆ, ಹುಡುಗಿಯೇ ಎತ್ತಿ ತೋರಿಸಿದಳು. 38,000ಕ್ಕೆ 28,000 ಕೂಡಿಸಿ, 14,000 ಮತ್ತು 2,000 ಕಳೆದರೆ ₹50,000. ತಿಂಗಳಿಗೆ ₹833.

ಗಟ್ಟಿಯದು: ಬೆಲೆ ₹52,000. ಮೂರು ವರ್ಷ ಮನೆಗೇ ಬಂದು ಸರಿಮಾಡುವ ವಾರಂಟಿ, ಹಾಗಾಗಿ ರಿಪೇರಿ ಸೊನ್ನೆ. ನಾಲ್ಕನೇ ವರ್ಷ ಬ್ಯಾಟರಿ ₹5,250. ರ‍್ಯಾಮ್ ಸೇರಿಸಲು ₹3,000. ಇದಕ್ಕೂ ಒಂದು ಚಾರ್ಜರ್ ₹1,250. ಐದು ವರ್ಷದ ನಂತರ ₹12,000ಕ್ಕೆ ಹೋಗುತ್ತದೆ ಅಂತ ಹಿಡಿದರೆ ಉಳಿಯುವುದು ₹49,500. ತಿಂಗಳಿಗೆ ₹825.

ಇದು ಕೈಯಲ್ಲಿ ದುಡ್ಡಿದ್ದವರ ಲೆಕ್ಕ. ಅವಳ ಅಪ್ಪ ₹24,000 ಸಾಲ ತರಬೇಕಿತ್ತು. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ತಿಂಗಳಿಗೆ ₹1,000 ಅಸಲು ತೀರಿಸುತ್ತಾ ಎರಡು ವರ್ಷ. ಮೊದಲ ತಿಂಗಳ ಬಡ್ಡಿ ₹240, ಎರಡನೆಯ ತಿಂಗಳು ₹230, ಹೀಗೆ ಇಳಿಯುತ್ತಾ ಕೊನೆಯ ತಿಂಗಳು ₹10. ಕೂಡಿಸಿದರೆ ₹3,000. ಅಲ್ಲಿಗೆ ಗಟ್ಟಿಯದರ ಖರ್ಚು ₹52,500, ತಿಂಗಳಿಗೆ ₹875.

ನೋಡಿ, ನನ್ನ ಮಾತು ಸುಳ್ಳಾಯಿತು. ಅಗ್ಗದ್ದು ಕೆಟ್ಟು ಮತ್ತೊಂದು ಕೊಂಡರೂ ಸಾಲ ಮಾಡಿದ ಗಟ್ಟಿಯದಕ್ಕಿಂತ ₹2,500 ಕಡಿಮೆಯೇ. ಕೆಡದೆ ಉಳಿದರಂತೂ ₹17,500 ಕಡಿಮೆ. ಇನ್ನೊಂದು ರೀತಿ ನೋಡಿ: ಅಂಥ ಹತ್ತು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಐದು ನಾಲ್ಕನೇ ವರ್ಷ ಸತ್ತು ಐದು ಉಳಿದರೆ ಸರಾಸರಿ ಖರ್ಚು ₹42,500. ಸಾಲವಿಲ್ಲದ ಗಟ್ಟಿಯದರ ₹49,500ನ್ನು ಅದು ದಾಟಬೇಕಾದರೆ ಹತ್ತಕ್ಕೆ ಹತ್ತೂ ಸಾಯಬೇಕು. ಅಷ್ಟು ಕೆಟ್ಟದಾಗಿ ಯಾರೂ ಮಾಡುವುದಿಲ್ಲ ಬಿಡಿ.

ಹಾಗಾದರೆ ಗಟ್ಟಿಯದನ್ನು ಯಾರು ಕೊಳ್ಳಬೇಕು? ಎರಡು ಥರದವರು. ಒಂದು, ಅದನ್ನು ಐದು ವರ್ಷಕ್ಕೆ ಮಾರದೆ ಏಳು ವರ್ಷ ಇಟ್ಟುಕೊಳ್ಳುವವರು. ಗಟ್ಟಿಯದಕ್ಕೆ ಇನ್ನೊಂದು ಬ್ಯಾಟರಿ ಹಾಕಿಸಿ ಏಳು ವರ್ಷ ದುಡಿಸಿ, ಕೊನೆಗೆ ₹4,000 ಬಂದರೆ ಸಾಲವಿಲ್ಲದ ಲೆಕ್ಕದಲ್ಲಿ ಒಟ್ಟು ₹62,750, ತಿಂಗಳಿಗೆ ₹747. ಅಷ್ಟೇ ಕಾಲಕ್ಕೆ ಅಗ್ಗದ್ದು ಎರಡು ಬೇಕಾದರೆ, ಎರಡನೆಯದಕ್ಕೂ ಅದೇ ರಿಪೇರಿಗಳಾಗಿ ಕೊನೆಗೆ ₹5,000ಕ್ಕೆ ಮಾರಿದರೆ, ₹69,000 ಆಗುತ್ತದೆ, ತಿಂಗಳಿಗೆ ₹821. ಗಟ್ಟಿತನಕ್ಕೆ ಕೊಟ್ಟ ದುಡ್ಡು ವಾಪಸ್ ಬರಲು ಶುರುವಾಗೋದೇ ಐದನೇ ವರ್ಷ ದಾಟಿದ ಮೇಲೆ. ಇನ್ನೊಂದು, ಲ್ಯಾಪ್‌ಟಾಪ್ ಒಂದು ದಿನ ಇಲ್ಲದಿದ್ದರೂ ಸಂಪಾದನೆ ನಿಲ್ಲುವವರು. ಕೀಲು ರಿಪೇರಿಗೆ ಕೊಟ್ಟರೆ ಭಾಗ ತರಿಸಿ ಹಾಕಲು ಹತ್ತು ಹದಿನೈದು ದಿನ ಹೋಗಬಹುದು. ದಿನಕ್ಕೆ ₹500 ಸಂಪಾದಿಸುವ ಡಿಟಿಪಿಯವರಿಗೆ ಹದಿನೈದು ದಿನ ಅಂದರೆ ₹7,500. ವಿದ್ಯಾರ್ಥಿಗೆ ಪರೀಕ್ಷೆಯ ಹಿಂದಿನ ವಾರ ಹಾಗಾದರೆ ಅದಕ್ಕೆ ಬೆಲೆ ಕಟ್ಟುವುದು ಹೇಗೆ ಅಂತ ನನಗೆ ತೋಚಲಿಲ್ಲ, ಕಾಗದದಲ್ಲಿ ಆ ಜಾಗ ಖಾಲಿ ಬಿಟ್ಟೆವು.

ತಿಂಗಳ ಲೆಕ್ಕ ಇನ್ನೊಂದು ಕಡೆಗೂ ಬರುತ್ತದೆ. ರಿಪೇರಿ ಮಾಡಿಸೋದಾ, ಬಿಡೋದಾ ಅಂತ ಪ್ರಶ್ನೆ ಬಂದಾಗ ರಿಪೇರಿಯ ಖರ್ಚನ್ನು ಅದರಿಂದ ಸಿಗುವ ತಿಂಗಳುಗಳಿಂದ ಭಾಗಿಸಿ. ₹3,750ರ ಬ್ಯಾಟರಿ ಎರಡು ವರ್ಷ ಕೊಟ್ಟರೆ ತಿಂಗಳಿಗೆ ₹156, ಕಣ್ಣು ಮುಚ್ಚಿ ಹಾಕಿಸಿ. ಅದೇ ನಾಲ್ಕು ವರ್ಷ ಹಳೆಯ ಲ್ಯಾಪ್‌ಟಾಪಿಗೆ ₹11,000ರ ಮದರ್‌ಬೋರ್ಡ್ ಹಾಕಿಸಿ ಒಂದು ವರ್ಷ ಬಂದರೆ ತಿಂಗಳಿಗೆ ₹917. ಹೊಸದನ್ನೇ ಕೊಂಡು ದುಡಿಸುವ ಖರ್ಚು ನಮ್ಮ ಲೆಕ್ಕದಲ್ಲಿ ಅದಕ್ಕಿಂತ ಕಡಿಮೆ ಇದೆ.

ವಾರಂಟಿಯ ವಿಚಾರದಲ್ಲಿ ಒಂದು ಎಚ್ಚರ. ಗಟ್ಟಿಯದರ ಲೆಕ್ಕದಲ್ಲಿ ರಿಪೇರಿ ಸೊನ್ನೆ ಅಂತ ಬರೆದದ್ದು ಮನೆಗೇ ಬರುತ್ತಾರೆ ಅನ್ನುವ ನಂಬಿಕೆಯ ಮೇಲೆ. ಅಂಗಡಿಯವರು ಹಾಗೆಯೇ ಹೇಳಿದ್ದರು. ಅವಳು ಅಲ್ಲಿಂದಲೇ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ನಮ್ಮ ಪಿನ್‌ಕೋಡ್ ಹೇಳಿದಾಗ ಬೇರೆ ಉತ್ತರ ಬಂತು: ಆ ಪಿನ್‌ಕೋಡಿಗೆ ಮನೆಸೇವೆ ಇಲ್ಲ, ಸೆಂಟರಿಗೆ ತರಬೇಕು. ಅಲ್ಲಿಗೆ ಸೊನ್ನೆ ಅನ್ನೋದು ಪ್ರತಿ ರಿಪೇರಿಗೆ ₹1,500 ಆಯಿತು. ಬಿದ್ದು ಒಡೆದರೆ, ನೀರು ಚೆಲ್ಲಿದರೆ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ ಅನ್ನೋದನ್ನೂ ಆ ಫೋನಿನಲ್ಲೇ ಕೇಳಿ ತಿಳಿದುಕೊಂಡಳು. ಬಿಲ್ ಚಾಮರಾಜನಗರದ್ದಾದರೂ ಈರೋಡಿನಲ್ಲಿ ನೋಡುತ್ತಾರಾ ಅಂತಲೂ ಕೇಳಿದಳು. ಅದಕ್ಕೆ ಹೌದು ಅಂದರು, ದೇಶದೊಳಗಿನ ವಾರಂಟಿಗೆ ರಾಜ್ಯದ ಗಡಿ ಅಡ್ಡಿಯಿಲ್ಲ.

ಕೊನೆಗೆ ಅವಳು ಕೊಂಡದ್ದು ಇವೆರಡೂ ಅಲ್ಲ. ಕಾಗದ ಮಡಚಿ ಇಟ್ಟುಕೊಂಡು ಮತ್ತೆ ಅಂಗಡಿಗೆ ಹೋಗಿ ಎರಡೇ ಪ್ರಶ್ನೆ ಕೇಳಿದಳಂತೆ: ರ‍್ಯಾಮಿಗೆ ಖಾಲಿ ಜಾಗ ಇದೆಯಾ, ಹಿಂಜಿನ ಪಟ್ಟಿ ಲೋಹದ ಚೌಕಟ್ಟಿಗೆ ಕೂತಿದೆಯಾ. ಎರಡನೆಯದಕ್ಕೆ ಅಂಗಡಿಯವನಿಗೆ ಉತ್ತರ ಗೊತ್ತಿರಲಿಲ್ಲ. ಆ ಮಾದರಿಯನ್ನು ಬಿಚ್ಚಿ ತೋರಿಸುವ ವಿಡಿಯೋ ಹುಡುಕಿ ಅವಳೇ ನೋಡಿದಳು. ಮುಚ್ಚಳವನ್ನು ಮೂಲೆ ಹಿಡಿದು ಎತ್ತಿ, ಅದು ಎಷ್ಟು ತಿರುಚಿಕೊಳ್ಳುತ್ತದೆ ಅಂತಲೂ ಪರೀಕ್ಷೆ ಮಾಡಿದಳು. ಸಿಕ್ಕಿದ್ದು ₹34,000ದ್ದು. ಹೆಚ್ಚಿಗೆ ಬೇಕಾದ ₹6,000 ಸಂಘದವರೆಗೆ ಹೋಗದೆ ಮನೆಯಲ್ಲೇ ಹೊಂದಿತು. ಬ್ಯಾಟರಿ ₹3,750, ರ‍್ಯಾಮ್ ₹3,000, ಚಾರ್ಜರ್ ₹1,250 ಕೂಡಿಸಿ, ಕೊನೆಗೆ ₹6,000ಕ್ಕೆ ಮಾರಿದರೆ ಐದು ವರ್ಷಕ್ಕೆ ₹36,000, ತಿಂಗಳಿಗೆ ₹600.

ಮೊನ್ನೆ ರಜೆಗೆ ಬಂದಾಗ ಲ್ಯಾಪ್‌ಟಾಪ್ ತಂದಿದ್ದಳು. ಬ್ಯಾಟರಿ ವರದಿ ತೆಗೆದು ನೋಡಿದೆವು, 94 ಶೇಕಡಾ ಇತ್ತು. ಮುಚ್ಚಳವನ್ನು ನಡುವೆ ಹಿಡಿದೇ ತೆಗೆಯುತ್ತಾಳೆ. ಅವಳ ತಮ್ಮ ಮಾತ್ರ ಇನ್ನೂ ಮೂಲೆ ಹಿಡಿದೇ ತೆಗೆಯುತ್ತಾನಂತೆ.